ಫೋಟೋದಲ್ಲಿ ಬೆಳೆದ ಕೂದಲು

ಸ್ಟುಡಿಯೋ ಇಟ್ಟ ಮೇಲೆ ಮುಖ ಒಂದು, ಪಟ ಇನ್ನೊಂದು ಆಗುವ ಪ್ರಸಂಗಗಳು ತಪ್ಪುವುದಿಲ್ಲ. ನೀವು ಕಾಲೇಜಿನ ಫೋಟೋಗ್ರಫಿ ಕ್ಲಬ್ಬಿನವರು, "ಫೋಟೋ ತಿದ್ದೋದರಲ್ಲಿ ಅಲಂಕಾರ ಎಲ್ಲಿಗೆ ಮುಗಿದು ಮೋಸ ಎಲ್ಲಿಂದ ಶುರುವಾಗುತ್ತೆ, ಹೇಳಿ" ಅಂದಿರಿ. ನನಗೆ ಭಾಷಣ ಬರುವುದಿಲ್ಲ. ಆಂಜನೇಯನನ್ನು ನೆನೆದು, ನಮ್ಮ ಕೆಜಿಎಫ್ ಸ್ಟುಡಿಯೋದಲ್ಲಿ ಕಂಡದ್ದನ್ನು ಹೇಳುತ್ತೇನೆ. ಕ್ಯಾಮೆರಾ, ಪ್ರಿಂಟು ನನ್ನ ಪಾಲು. ತಿದ್ದುವ ಕೈ ಸ್ಟುಡಿಯೋ ಯಜಮಾನರದ್ದು.

ಅಜ್ಜಿಯ ಸುಕ್ಕು

ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಸುಕ್ಕು ಅಲ್ಲಿ ತಿಳಿಯಾದ ಗೆರೆ. ಆ ಗೆರೆಯಿಂದ ಬೆಳಕು ಹೆಚ್ಚು ನುಗ್ಗಿ ಪ್ರಿಂಟ್‌ನಲ್ಲಿ ಕಪ್ಪಾಗುತ್ತದೆ. ಯಜಮಾನರು ನೆಗೆಟಿವ್ ಮೇಲೆ ಪೆನ್ಸಿಲು ಹಿಡಿಯುವಂತೆ ಅಂಟಿನೆಣ್ಣೆ ಸವರಿ, ಕೆಳಗಿನ ಕನ್ನಡಿಯಿಂದ ಬೆಳಕು ಬರುವ ಮೇಜಿನಲ್ಲಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಆ ಗೆರೆ ತುಂಬುತ್ತಿದ್ದರು. ಗೆರೆ ತುಂಬಿತೋ, ಪ್ರಿಂಟ್‌ನಲ್ಲಿ ಸುಕ್ಕು ಮಾಯ.

ಬೇತಮಂಗಲದ ರೈತರೊಬ್ಬರು ಗೋಡೆಗೆ ಹಾಕಲು ತಾಯಿಯ ಪಟ ತೆಗೆಸಿದರು. ಯಜಮಾನರು ಉತ್ಸಾಹದಲ್ಲಿ ಒಂದು ಸುಕ್ಕನ್ನೂ ಉಳಿಸಲಿಲ್ಲ. ಅಜ್ಜಿ ಪಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಮಗನ ಕಡೆ ತಿರುಗಿದರು.

"ಯಾವೋಳ್ಲಾ ಇವ್ಳು? ನಿಮ್ಮಪ್ಪ ನಂಗೇಳ್ದೆ ಇನ್ನೊಬ್ಳನ್ನ ಮಡಿಕ್ಕೊಂಡಿದ್ನಾ?"

ಗೇಟಿನಲ್ಲಿ ನಿಂತವನು

ಅಜ್ಜಿಯ ಪಟದಿಂದ ಯಾರಿಗೂ ನಷ್ಟವಿಲ್ಲ. ಮೊಡವೆ ಅಳಿಸಿದರೂ ಅಷ್ಟೇ, ಅದು ಹೇಗೂ ವಾರದಲ್ಲಿ ಹೋಗುವಂಥದ್ದು. ಪೌಡರು ಹಚ್ಚಿ, ದೀಪ ಓರೆಯಾಗಿಟ್ಟು, ಚೆನ್ನಾಗಿ ಕಾಣುವ ಪಕ್ಕಕ್ಕೆ ಮುಖ ತಿರುಗಿಸುವುದೂ ಅಲಂಕಾರವೇ. ಬೆಣ್ಣೆ ಅಲಂಕಾರ ಮಾಡಿದರೆ ಆಂಜನೇಯ ಬೇರೆ ದೇವರಾಗುತ್ತಾನೆಯೇ? ಬೆಳಗಿನ ಅಭಿಷೇಕಕ್ಕೆ ಅದೇ ಮೂರ್ತಿ.

ಆದರೆ ಗಣಿ ಕೆಲಸಗಾರನೊಬ್ಬ ಗುರುತಿನ ಚೀಟಿಗೆ ಫೋಟೋ ತೆಗೆಸಿದಾಗ, ಯಜಮಾನರು ಅಭ್ಯಾಸಬಲದಿಂದ ಅವನ ಕೆನ್ನೆಯ ಗಾಯದ ಕಲೆಯನ್ನೂ ತುಂಬಿಬಿಟ್ಟರು. ಮರುದಿನ ಗೇಟಿನ ಕಾವಲುಗಾರ ಚೀಟಿ ನೋಡಿದ, ಮುಖ ನೋಡಿದ.

"ಇದು ನೀನಲ್ಲ."

"ಅಯ್ಯೋ ಅಣ್ಣೇ, ನಾನೇ!"

"ಈ ಫೋಟೋದಲ್ಲಿರೋನು ಬಂದ್ರೆ ಒಳಕ್ಕೆ ಬಿಡ್ತೀನಿ."

"ಸರಿ, ಕಳಿಸ್ತೀನಿ. ಪಾತಾಳಕ್ಕೆ ಅವನೇ ಇಳೀಲಿ. ಸಂಬಳದ ದಿನ ಮಾತ್ರ ನಾನು ಬತ್ತೀನಿ!"

ಹೊಸ ಪ್ರಿಂಟ್ ನಾನೇ ಹಾಕಿಕೊಟ್ಟೆ, ಕಲೆಯ ಸಮೇತ.

ವರ ಬಂದ

ಒಬ್ಬ ಗುಮಾಸ್ತ. ಗುಣವಂತ, ಆದರೆ ತಲೆ ನುಣ್ಣಗೆ. ಹೋದಲ್ಲೆಲ್ಲ ಸಂಬಂಧ ತಪ್ಪಿ, ಇನ್ನು ಈ ಜನ್ಮಕ್ಕೆ ಮದುವೆಯಿಲ್ಲ ಅಂದುಕೊಂಡಿದ್ದ. ಕೊನೆಗೆ ಬಂಗಾರಪೇಟೆಯ ಹೆಣ್ಣಿನ ಮನೆಯವರು ಫೋಟೋ ಕೇಳಿದರು. ತಾಯಿ ಅವನನ್ನು ಕರೆತಂದು, "ಒಸಿ ಕೂದ್ಲು ಬರ್ಕೊಡಿ ಸಾಮಿ" ಅಂದರು.

"ಅಮ್ಮಾ, ದೇವರು ಕೊಡದೇ ಇರೋದನ್ನ..." ಅಂದೆ.

"ದೇವ್ರು ಮರ್ತವ್ನೆ. ನೀವಾದ್ರೂ ಗ್ನಾಪಕ ಇಟ್ಕೊಂಡು ಆಕಿ."

ಬೋಳುತಲೆ ನೆಗೆಟಿವ್‌ನಲ್ಲಿ ಕಡುಗಪ್ಪು. ಯಜಮಾನರು ಚಾಕುವಿನ ಮೊನೆಯಿಂದ ಆ ಕಪ್ಪನ್ನು ಎಳೆ ಎಳೆಯಾಗಿ ಕೆರೆದರು. ಕೆರೆದಲ್ಲೆಲ್ಲ ಬೆಳಕು ಹಾಯ್ದು ಪ್ರಿಂಟ್‌ನಲ್ಲಿ ಗುಂಗುರು ಕೂದಲು! ಇದು ಅಜ್ಜಿಯ ಸುಕ್ಕಲ್ಲ. ಈ ಪಟ ನೋಡಿ ಒಂದು ಮನೆಯವರು ಹೆಣ್ಣು ಕೊಡುವವರು. ನೋಡುವವನು ಯಾವುದನ್ನು ನಂಬಿ ತೀರ್ಮಾನ ಮಾಡುತ್ತಾನೋ, ಅದನ್ನು ಮುಟ್ಟಿದಿರೋ, ಅಲ್ಲಿಂದಲೇ ಮೋಸ.

ಹೆಣ್ಣು ನೋಡುವ ದಿನ ಹುಡುಗಿಯ ಸೋದರಮಾವ ಫೋಟೋ ಹಿಡಿದು ಬಂಗಾರಪೇಟೆ ಸ್ಟೇಷನ್ನಿಗೆ ಬಂದರು. ನಮ್ಮ ಗುಮಾಸ್ತ ಟೋಪಿ ಹಾಕಿಕೊಂಡು ರೈಲಿನಿಂದ ಇಳಿದು ಅವರ ಮುಂದೆಯೇ ಹಾದುಹೋದ. ಅವರು ತಿರುಗಿಯೂ ನೋಡಲಿಲ್ಲ. ಹಿಂದೆಯೇ ಇಳಿದವನೊಬ್ಬನಿಗೆ ಗುಂಗುರು ಕೂದಲು. "ಬನ್ನಿ ಬನ್ನಿ, ನಿಮಗೇ ಕಾಯ್ತಿದ್ದೆ" ಎಂದು ಅವನನ್ನು ಜಟಕಾ ಹತ್ತಿಸಿದರು. ಅವನು ಹುಣಸೆಹಣ್ಣಿನ ವ್ಯಾಪಾರಿ. ಮಂಡಿಯವರು ಕಳಿಸಿದ ಗಾಡಿ ಎಂದುಕೊಂಡ.

ಮನೆಯಲ್ಲಿ ಕೇಸರಿಬಾತು, ಉಪ್ಪಿಟ್ಟು. ಈ ಊರಿನ ಮಂಡಿಯವರು ಎಂಥ ಮರ್ಯಾದಸ್ಥರು ಎಂದುಕೊಂಡು ಅವನು ಎರಡೆರಡು ಸಲ ಹಾಕಿಸಿಕೊಂಡ. ಹುಡುಗಿ ಕಾಫಿ ತಂದಿಟ್ಟಳು. ಅಷ್ಟರಲ್ಲಿ ಗುಮಾಸ್ತ ಮನೆ ಕೇಳಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ. ಯಾರೂ ಗಮನಿಸಲಿಲ್ಲ.

"ಹುಡುಗಿ ಒಪ್ಪಿಗೇನಾ?" ಅಂದರು ಹುಡುಗಿಯ ತಂದೆ.

ವ್ಯಾಪಾರಿ ಲೋಟ ಕೆಳಗಿಟ್ಟ. "ಒಪ್ಪದೇ ಏನು, ಲಕ್ಷಣವಾಗವ್ಳೆ. ಆದ್ರೆ ನನ್ನ ಎಂಡ್ತೀನ ಒಂದು ಮಾತು ಕೇಳ್ಬೇಕು."

ಗದ್ದಲವೆದ್ದಿತು. ಗುಮಾಸ್ತ ಒಳಗೆ ಬಂದು ಟೋಪಿ ತೆಗೆದ. "ಬರಬೇಕಾಗಿದ್ದೋನು ನಾನು. ಫೋಟೋದಲ್ಲಿರೋ ಕೂದಲು ನನ್ನದಲ್ಲ. ಉಳಿದಿದ್ದೆಲ್ಲ ನನ್ನದೇ."

"ಮೋಸ! ಮೋಸ!" ಎಂದು ತಂದೆ ಕೂಗಾಡಿದರು. ಹುಡುಗಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಮೂಲೆಯಲ್ಲಿದ್ದ ಅವಳ ಅಜ್ಜಿ ಇಬ್ಬರನ್ನೂ ಮೇಲಿಂದ ಕೆಳಗಿನವರೆಗೆ ನೋಡಿ, ಮಗನನ್ನು ಗದರಿದರು:

"ಸುಮ್ಕಿರ್ಲಾ! ಆ ಯಪ್ಪಂಗೆ ಕೂದ್ಲೂ ಐತೆ, ಎಂಡ್ತೀನೂ ಅವ್ಳೆ. ಈ ಯಪ್ಪಂಗೆ ಎರಡೂ ಇಲ್ಲ. ಇವ್ನೇ ವಾಸಿ, ಮಾತಾಡಿ ಮುಗ್ಸು!"