ನನಗೆ ಬೇಡ, ಥ್ಯಾಂಕ್ಸ್

ತ್ಯಾಗರಾಜನಗರದಲ್ಲಿ ನಮ್ಮ ತವರುಮನೆ ಯಾವುದೆಂದು ಕೇಳಿದರೆ ಹಳಬರು ಇವತ್ತಿಗೂ ಕೈ ಮಾಡಿ ತೋರಿಸುತ್ತಾರೆ. ಅಜ್ಜ ಮೈಸೂರು ಸರ್ಕಾರದಲ್ಲಿ ಶಿರಸ್ತೇದಾರರಾಗಿದ್ದವರು. ತಂದೆ ಸರ್ಕಾರಿ ಎಂಜಿನಿಯರ್. ನಾನು ಓದಿದ್ದು ಕಾನ್ವೆಂಟಿನಲ್ಲಿ, ನಿವೃತ್ತಳಾದದ್ದು ಬ್ಯಾಂಕ್ ಮ್ಯಾನೇಜರಾಗಿ. ನಮ್ಮ ಮನೆಗೆ ಬಂದವರು ಕಾಫಿ ಕುಡಿಯದೆ ಹೋದದ್ದಿಲ್ಲ. ನಮ್ಮವರು ಹೋದ ಮನೆಯಲ್ಲಿ ಗದ್ದಲ ಮಾಡಿದ್ದೂ ಇಲ್ಲ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ.

ನಾನು ಮದ್ಯ ಕುಡಿಯುವುದಿಲ್ಲ. ಕುಡಿಯುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಪಾರ್ಟಿಗಳೆಂದರೆ ಇಷ್ಟ, ಒಳ್ಳೆಯ ಸೀರೆ ಉಡಲು ಬೇರೆ ಸಂದರ್ಭಗಳು ಈಗ ಎಲ್ಲಿವೆ? ಆದರೆ ಒಂದು ಗ್ಲಾಸು ಬೇಡವೆಂದ ಕೂಡಲೇ ಈ ಊರಿನಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಇತ್ತೀಚೆಗೆ ನನ್ನ ಶಾಲಾ ಗೆಳತಿಯರೇ, 'ಸಂಜೆ ಪಾರ್ಟಿಗೆ ಅವಳನ್ನ ಕರೀಬೇಕಾ? ಸುಮ್ನೆ ನಮ್ಮನ್ನ ನೋಡ್ತಾ ಕೂತ್ಕೋತಾಳೆ' ಎಂದು ತಮ್ಮೊಳಗೆ ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಬಾಲ್ಯದಿಂದ ಒಂದೇ ಬೆಂಚಿನಲ್ಲಿ ಕೂತವರು. ಅವರ ಸಂಜೆಗಳಿಂದ ಹೊರಗುಳಿಯುವ ಉದ್ದೇಶ ನನಗಿರಲಿಲ್ಲ.

ಯಜಮಾನರ ಹೊಟ್ಟೆ

ನಮ್ಮ ಯಜಮಾನರೂ ಕುಡಿಯುವುದಿಲ್ಲ. ಆದರೆ ಅವರಿಗೆ ಕಾರಣ ಕೊಡುವ ಚಟ. ಜೆ.ಪಿ. ನಗರದಲ್ಲಿ ಅವರ ಹಳೆಯ ಸಹೋದ್ಯೋಗಿಯೊಬ್ಬರು ಹೊಸ ಫ್ಲ್ಯಾಟಿಗೆ ಬಂದ ಸಂತೋಷಕ್ಕೆ ಊಟಕ್ಕೆ ಕರೆದಿದ್ದರು. ಬಾಟಲಿ ಹತ್ತಿರ ಬರುತ್ತಲೇ ಯಜಮಾನರು, ಕಾರು ಓಡಿಸಬೇಕು ಎಂದರು. ಆತಿಥೇಯರು ಎಲ್ಲರಿಗೂ ಡ್ರೈವರ್ ಗೊತ್ತು ಮಾಡಿದ್ದರು. ಯಜಮಾನರು ಇವತ್ತು ಶನಿವಾರ ಎಂದರು. ಆತಿಥೇಯರು ಕಿಟಕಿಯಾಚೆ ನೋಡಿ, 'ಹೊತ್ತು ಮುಳುಗ್ತಲ್ಲ ಸಾರ್, ವಾರ ಮುಗೀತು' ಎಂದರು. ಇನ್ನೇನೂ ಹೊಳೆಯದೆ ಯಜಮಾನರು ಹೊಟ್ಟೆ ಸರಿಯಿಲ್ಲ ಎಂದುಬಿಟ್ಟರು.

ಕಾರಣವೆಂದರೆ ಎದುರಿನವರಿಗೆ ಬಗೆಹರಿಸಲು ಕೊಟ್ಟ ಲೆಕ್ಕ. ಅಲ್ಲಿದ್ದವರೆಲ್ಲ ಬಗೆಹರಿಸಲು ಕೂತರು. ಒಬ್ಬರು ಓಮಿನ ಕಷಾಯ ಎಂದರು, ಇನ್ನೊಬ್ಬರು ಬೆನ್ನು ಒತ್ತಿ ಎಲ್ಲಿ ನೋವು ಎಂದು ಕೇಳಿದರು. ಊಟದ ಹೊತ್ತಿಗೆ ಎಲ್ಲರ ತಟ್ಟೆಗೂ ವಾಂಗೀಭಾತ್, ಬೋಂಡ, ಜಾಮೂನು ಬಂತು. ನಮ್ಮವರ ಮುಂದೆ ಮೆತ್ತಗೆ ಬೇಯಿಸಿದ ಅನ್ನ, ನೀರು ಮಜ್ಜಿಗೆ. ಆ ಮನೆಯಾಕೆ ಎಲ್ಲರನ್ನೂ ಬಿಟ್ಟು ಇವರ ಪಕ್ಕದಲ್ಲೇ ನಿಂತು ಉಣ್ಣಿಸಿದರು. ಮನೆಗೆ ಬಂದು ನಾನು ದೋಸೆ ಹುಯ್ದು ಹಾಕಿದಾಗ ಯಜಮಾನರು ಹೇಳಿದ್ದು ಇಷ್ಟೇ: 'ಜಾಮೂನು ಹೇಗಿತ್ತು ಅಂತ ಮಾತ್ರ ಹೇಳ್ಬೇಡ.'

ಮೂರನೆಯ 'ಬೇಡ'

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಸರಳ. ಬೇಡವಾದದ್ದನ್ನು ಕೊಡಲು ಬಂದವರ ಮುಖ ನೋಡಿ, ಸಣ್ಣಗೆ ನಕ್ಕು, 'ಬೇಡ, ಥ್ಯಾಂಕ್ಸ್' ಎನ್ನುವುದು. ವಿವರಣೆಯಿಲ್ಲ, ಕ್ಷಮಾಪಣೆಯಿಲ್ಲ. ಆದರೆ ನಮ್ಮ ಸಿಸ್ಟರ್‌ಗಳು ನಮ್ಮ ಕಡೆಯ ಪಂಕ್ತಿಯಲ್ಲಿ ಊಟಕ್ಕೆ ಕೂತವರಲ್ಲ. ಇಲ್ಲಿ ಮೊದಲ 'ಬೇಡ' ಲೆಕ್ಕಕ್ಕಿಲ್ಲ, ಅದು ಮರ್ಯಾದೆ. ಎರಡನೆಯದು ಸಂಕೋಚ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಮೂರನೆಯ ಸಲ ಹೇಳಿದರೆ, ಬಡಿಸುವವರು ಆಗ ಯೋಚಿಸುತ್ತಾರೆ. ಹೋಳಿಗೆಗೆ ಇರುವ ಈ ಕಾನೂನನ್ನೇ ನಮ್ಮ ಜನ ವಿಸ್ಕಿಗೂ ಜಾರಿ ಮಾಡಿದ್ದಾರೆ.

ಬೇಗೂರಿನ ಹಳೆಯ ಮನೆತನದ ಒಬ್ಬರು ನಮ್ಮ ಬ್ಯಾಂಕಿನ ಗಿರಾಕಿ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆಗೆಂದು ಕಟ್ಟಡ ಎಬ್ಬಿಸಿದಾಗ ಬೆಳಿಗ್ಗೆ ಹೋಮ, ಸಂಜೆ ಟೆರೇಸಿನ ಮೇಲೆ ಪಾರ್ಟಿ. ಅವರೇ ವೈನ್ ಹಿಡಿದು ಬಂದರು. ನಾನು, 'ನನಗೆ ಬೇಡ, ಥ್ಯಾಂಕ್ಸ್' ಎಂದೆ.

'ಸಂಕೋಚ ಪಡ್ಬೇಡಿ ಮೇಡಂ. ಇದು ನಿಮ್ಮನೇನೇ ಅನ್ಕೊಳಿ.'

'ನನಗೆ ಬೇಡ, ಥ್ಯಾಂಕ್ಸ್.'

'ಲೇಡೀಸ್‌ಗೆ ಅಂತ್ಲೇ ತರ್ಸಿದ್ದು, ದ್ರಾಕ್ಷಿ ರಸ ಇದ್ದಂಗೆ.'

'ನನಗೆ ಬೇಡ, ಥ್ಯಾಂಕ್ಸ್.'

ಅದೇ ಪದ, ಅದೇ ದನಿ, ಅದೇ ನಗು. ಹೊಸ ಪದ ಸೇರಿಸಿದರೆ ಅದನ್ನು ಹಿಡಿದುಕೊಂಡು ಮತ್ತೆ ಶುರುವಾಗುತ್ತದೆ. ಮೂರನೆಯದು ಮುಗಿದ ಮೇಲೆ ಮೌನಕ್ಕೆ ಜಾಗ ಕೊಡದೆ, ಇಲ್ಲೊಂದು ಬಾವಿ ಇತ್ತಲ್ಲ, ಅದೇನಾಯಿತು ಎಂದು ಕೇಳಿದೆ. ಅವರು ಗ್ಲಾಸು ಕೆಳಗಿಟ್ಟು ಕುರ್ಚಿ ಎಳೆದುಕೊಂಡರು. ಬಾವಿ, ಅದನ್ನು ತೋಡಿದ ಮುತ್ತಜ್ಜ, ಅದರಲ್ಲಿ ಈಜು ಕಲಿತದ್ದು, ಎಲ್ಲ ಬಂತು. ನಿಜಕ್ಕೂ ಚೆನ್ನಾಗಿತ್ತು. ಆಮೇಲೆ ಯಾರಾದರೂ ಬಾಟಲಿ ಹಿಡಿದು ನನ್ನ ಕಡೆ ಬಂದರೆ ಅವರೇ ತಡೆದು, 'ಮೇಡಂಗೆ ಬೇಡ್ವಂತೆ, ಒತ್ತಾಯ ಮಾಡ್ಬೇಡ್ರಿ' ಎಂದು ಗದರಿಸುತ್ತಿದ್ದರು. ಹಾಗೆ ಗದರಿಸುತ್ತಲೇ ನನಗೆ ನಾಲ್ಕು ಲೋಟ ಬಾದಾಮಿ ಹಾಲು ಕುಡಿಸಿದರು. ಅದಕ್ಕೆ ಎಷ್ಟನೆಯ 'ಬೇಡ' ನಡೆಯುತ್ತದೆಂದು ನನಗೆ ಇನ್ನೂ ಗೊತ್ತಾಗಿಲ್ಲ.

ಯಕೃತ್ತಿನ ಭಾಷಣ

ಬನಶಂಕರಿಯ ನಮ್ಮ ಬಡಾವಣೆಯಲ್ಲಿ ಕುಡಿತ ಬಿಟ್ಟ ಒಬ್ಬರು ಹಿರಿಯರಿದ್ದಾರೆ. ಬಿಟ್ಟದ್ದು ಒಳ್ಳೆಯದೇ. ಆದರೆ ಅವರಿಗೆ ಕೇವಲ ಬೇಡ ಎಂದರೆ ಸಮಾಧಾನವಿಲ್ಲ. ಹೊಸ ವರ್ಷದ ಪಾರ್ಟಿಯಲ್ಲಿ ಒಬ್ಬ ಹುಡುಗ ಔಪಚಾರಿಕವಾಗಿ, 'ಅಂಕಲ್, ನಿಮಗೆ?' ಎಂದ. ಅವರು ಎದ್ದು ನಿಂತು ಯಕೃತ್ತಿನಿಂದ ಆರಂಭಿಸಿ, ಮೂತ್ರಪಿಂಡದ ಮೂಲಕ ಹಾದು, ದೇಶದ ಭವಿಷ್ಯಕ್ಕೆ ಬಂದರು. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಭಾಷಣ ಮುಗಿಯುವ ಹೊತ್ತಿಗೆ, ಅಲ್ಲಿಯವರೆಗೆ ಮೂಸಂಬಿ ಜ್ಯೂಸು ಹಿಡಿದು ಕೂತಿದ್ದ ಇಬ್ಬರು ತಮಗೂ ಒಂದೊಂದು ದೊಡ್ಡ ಪೆಗ್ ಹಾಕಿಸಿಕೊಂಡಿದ್ದರು.

ಟೀಮ್ ಪಾರ್ಟಿ

ನನ್ನ ಕೈಕೆಳಗೆ ಕೆಲಸ ಮಾಡಿದ್ದ ಗುಮಾಸ್ತೆಯೊಬ್ಬರ ಮಗಳು ಧಾರವಾಡದಿಂದ ಬಂದು ಬಿ.ಟಿ.ಎಂ. ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದಾಳೆ. ಒಂದು ಭಾನುವಾರ ಬಂದವಳು ತಿಂಡಿ ಮುಟ್ಟದೆ ಕೂತಳು.

'ಶುಕ್ರವಾರ ಟೀಮ್ ಪಾರ್ಟಿ ಐತ್ರೀ ಆಂಟಿ. ನಮ್ಮ ಮ್ಯಾನೇಜರ್ ಬರೇ ಒಂದ ಶಾಟ್ ಅಂತ ಗಂಟ ಬೀಳ್ತಾರ. ಒಲ್ಲೆ ಅಂದ್ರ ಎಲ್ಲಾರೂ ಯಾಕ ಅಂತಾರ. ಹೋಗಲಿಲ್ಲಂದ್ರ ನಾ ಟೀಮಿನ್ಯಾಗ ಇಲ್ಲದಂಗ ಆಗತೈತ್ರೀ.'

ಬೆನ್ನು ನೆಟ್ಟಗೆ ಮಾಡಿ ಕೂರಲು ಹೇಳಿ ಪಾಠ ಶುರು ಮಾಡಿದೆ. ಎಲ್ಲರಿಗಿಂತ ಸ್ವಲ್ಪ ಮೊದಲೇ ಹೋಗು. ಆರ್ಡರ್ ತೆಗೆದುಕೊಳ್ಳುವವನಿಗೆ ನೀನೇ ನೇರವಾಗಿ ಹೇಳು, ಬೇರೆಯವರು ನಿನ್ನ ಪರವಾಗಿ ಹೇಳಲು ಬಿಡಬೇಡ. ನಿಂಬೆ ಸೋಡಾ ತರಿಸಿಕೋ, ಐಸು ಹಾಕಿಸು. ಖಾಲಿ ಕೈ ಕಂಡರೆ ಎಲ್ಲರಿಗೂ ತುಂಬಿಸುವ ಆಸೆ, ಆದ್ದರಿಂದ ಗ್ಲಾಸು ಮುಗಿಯಲು ಬಿಡಬೇಡ. ಏನು ಕುಡಿಯುತ್ತಿದ್ದೀಯ ಎಂದು ಕೇಳಿದರೆ ಸುಳ್ಳು ಹೇಳಬೇಡ. ಯಾಕೆ ಎಂದರೆ 'ನನಗೆ ಇದೇ ಇಷ್ಟ' ಎನ್ನು. ಬೇರೆಯವರ ಗ್ಲಾಸು ಎಣಿಸಬೇಡ. ಚಿಯರ್ಸ್ ಅಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತು. ಸಾಕೆನಿಸಿದಾಗ ಹೊರಡು.

ಮುಂದಿನ ವಾರ ಬಂದವಳು ನಗುತ್ತಲೇ ಒಳಗೆ ಬಂದಳು. ಎಲ್ಲ ಹೇಳಿದಂತೆಯೇ ನಡೆದಿತ್ತು. ಹಾಡಿದಳಂತೆ, ಎಲ್ಲರೊಂದಿಗೆ ಕುಣಿದಳಂತೆ. ಅರ್ಧ ಗಂಟೆಯಾದ ಮೇಲೆ ಅವಳ ಗ್ಲಾಸಿನಲ್ಲಿ ಏನಿದೆಯೆಂದು ಯಾರಿಗೂ ಆಸಕ್ತಿ ಇರಲಿಲ್ಲ. ಇನ್ನೊಂದು ಸೋಡಾ ಹೇಳಲು ಹೋದಾಗ ಕೌಂಟರಿನಲ್ಲಿ ಆ ಮ್ಯಾನೇಜರೇ ನಿಂತಿದ್ದರಂತೆ. ಎಲ್ಲರಿಗೂ ಶಾಟ್ ಹಂಚುತ್ತಿದ್ದ ಮನುಷ್ಯ. ಅವರ ಕೈಯಲ್ಲಿದ್ದದ್ದು ಬರೀ ಕೋಲಾ.

'ನೀವೂ ತಗೊಳ್ಳೂದಿಲ್ಲೇನ್ರೀ ಸರ್?' ಎಂದು ಇವಳು ಕೇಳಿದಳಂತೆ.

ಅವರು ಅತ್ತಿತ್ತ ನೋಡಿ, 'ಎಂದೂ ತಗೊಂಡಿಲ್ಲಮ್ಮ. ಸುರಿಯೋವ್ನ ಗ್ಲಾಸ್‌ನ ಯಾರೂ ಚೆಕ್ ಮಾಡಲ್ಲ' ಎಂದರಂತೆ.

ಗ್ರೂಪ್ ಫೋಟೋ

ಈಗ ನನ್ನ ಶಾಲಾ ಗೆಳತಿಯರ ವಿಷಯ. ಕರೆಯಬೇಕೋ ಬೇಡವೋ ಎಂದು ಬಹಳ ಚರ್ಚೆಯಾಗಿ ಕೊನೆಗೆ ನನ್ನನ್ನೂ ಕರೆದರು. ಜಯನಗರದ ಒಂದು ಕ್ಲಬ್ಬಿನಲ್ಲಿ ಸಂಜೆ ಸೇರಿದ್ದು. ನಮ್ಮ ಗುಂಪಿನ ಕಾರ್ಯದರ್ಶಿ ಬಾಗಿಲಲ್ಲೇ ನನ್ನ ಕೈ ಹಿಡಿದು, 'ನೋಡು, ಹೆಡ್‌ಮಿಸ್ಟ್ರೆಸ್ ಥರ ಕೂತ್ಕೋಬೇಡ ಕಣೇ' ಎಂದಳು. ಆಗಲಿ ಎಂದೆ.

ಆ ಸಂಜೆ ನನ್ನ ನಡವಳಿಕೆಯಲ್ಲಿ ಯಾರೂ ತಪ್ಪು ಹುಡುಕಲಾರರು. ನಿಂಬೆ ಸೋಡಾ ತರಿಸಿಕೊಂಡೆ, ಯಾರಿಗೂ ಏನೂ ಹೇಳಲಿಲ್ಲ. ಅಂತ್ಯಾಕ್ಷರಿಯಲ್ಲಿ ನಮ್ಮ ಸಾಲನ್ನು ಗೆಲ್ಲಿಸಿದೆ. ಗಣಿತದ ಮಿಸ್ ನಡೆಯುತ್ತಿದ್ದ ಹಾಗೆ ನಡೆದು ತೋರಿಸಿದೆ. ಕಾರ್ಯದರ್ಶಿ ಕಣ್ಣೊರೆಸಿಕೊಂಡು, 'ನೀನಿಲ್ದೆ ಇದ್ರೆ ಈ ಪಾರ್ಟಿ ಸಪ್ಪೆ ಆಗ್ತಿತ್ತು ಕಣೇ' ಎಂದಳು. ಗೆದ್ದೆ ಎಂದುಕೊಂಡೆ.

ಆಗ ಕ್ಲಬ್ಬಿನ ಸಪ್ಲೈಯರ್, ಫೋಟೋ ತೆಗೀಲಾ ಮೇಡಂ ಎಂದು ಮೊಬೈಲ್ ಎತ್ತಿದ. ನಮ್ಮ ಊರಿನ ಹೆಂಗಸರ ಗುಟ್ಟು ಆ ಕ್ಷಣದಲ್ಲಿ ಗೊತ್ತಾಗುತ್ತದೆ. ಕುಡಿಯಲು ಸಂಕೋಚವಿಲ್ಲ, ಫೋಟೋದಲ್ಲಿ ಕಾಣಲು ಇದೆ. ಏಕೆಂದರೆ ಫೋಟೋ ಸೊಸೆಯ ಗ್ರೂಪಿಗೆ, ಬೀಗರ ಗ್ರೂಪಿಗೆ, ಭಜನಾ ಮಂಡಳಿಯ ಗ್ರೂಪಿಗೆ ಹೋಗುತ್ತದೆ. ಒಬ್ಬಳು, 'ನೀನು ಕುಡಿಯಲ್ವಲ್ಲ, ನಿಂಗೇನು ಭಯ' ಎಂದು ತನ್ನ ಗ್ಲಾಸನ್ನು ನನ್ನ ಮುಂದೆ ಇಟ್ಟಳು. ಇನ್ನೊಬ್ಬಳೂ ಇಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮೇಜಿನ ಗ್ಲಾಸುಗಳೆಲ್ಲ ನನ್ನ ಕಡೆಗೆ ಸರಿದವು. ಎಲ್ಲರೂ ಸೆರಗು ಸರಿಮಾಡಿಕೊಂಡು, ಕೈ ಮಡಿಲಲ್ಲಿಟ್ಟು, ಹರಿಕಥೆ ಕೇಳುವವರಂತೆ ಕೂತರು. ಸಪ್ಲೈಯರ್ ಸ್ಮೈಲ್ ಪ್ಲೀಸ್ ಎಂದ. ಶಿಸ್ತಿನಲ್ಲಿ ಬೆಳೆದವಳು, ನಕ್ಕೆ.

ಮರುದಿನ ಕಾಫಿಗೆ ಮುಂಚೆ ಕತ್ರಿಗುಪ್ಪೆಯಿಂದ ನನ್ನ ಓರಗಿತ್ತಿಯ ಫೋನು. ಅವರ ತಂಗಿ ನಮ್ಮ ಶಾಲೆಯ ಗ್ರೂಪಿನಲ್ಲಿದ್ದಾರೆ. 'ಮನೇಲಿ ಏನಾದ್ರೂ ತೊಂದ್ರೆ ಇದ್ಯೇನಮ್ಮ? ಮಿಕ್ಕವರೆಲ್ಲ ಎಷ್ಟು ಲಕ್ಷಣವಾಗಿ ಕೂತಿದ್ದಾರೆ, ನೀನೊಬ್ಬಳೇ ಅಷ್ಟೂ...' ಎಂದು ನಿಲ್ಲಿಸಿದರು. ಮೊಬೈಲ್ ತೆಗೆದು ನೋಡಿದೆ. ಒಂದು ಸಾಲು ಸಾಧ್ವಿಯರು. ತುದಿಯಲ್ಲಿ ಮೈಸೂರು ರೇಷ್ಮೆ ಉಟ್ಟು, ಗ್ಲಾಸುಗಳ ಗುಡ್ಡೆಯ ಹಿಂದೆ, ಹಲ್ಲು ಕಾಣುವಂತೆ ನಾನು.

ಕಾರ್ಯದರ್ಶಿಗೆ ಫೋನು ಮಾಡಿ, ಈ ಕೂಡಲೇ ಗ್ರೂಪಿನಲ್ಲಿ ವಿಷಯ ಸ್ಪಷ್ಟಪಡಿಸು ಎಂದೆ. ಅವಳು ತಕ್ಷಣ ಸ್ಪಷ್ಟಪಡಿಸಿದಳು: 'ಫ್ರೆಂಡ್ಸ್, ದಯವಿಟ್ಟು ತಪ್ಪು ತಿಳ್ಕೋಬೇಡಿ. ಅವಳು ಅಷ್ಟೊಂದೇನೂ ಕುಡಿದಿರಲಿಲ್ಲ.'

ಅದರ ಕೆಳಗೆ ನನ್ನ ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಕೈಮುಗಿಯುವ ಗುರುತು ಹಾಕಿದ್ದಾರೆ. ಬೇಗ ಗುಣವಾಗಲಿ ಎಂದು ಯಾರೋ ಬರೆದಿದ್ದಾರೆ.

ಮುಂದಿನ ಪಾರ್ಟಿಗೂ ನಾನು ಹೋಗುತ್ತೇನೆ, ನಿಂಬೆ ಸೋಡಾವನ್ನೇ ಕುಡಿಯುತ್ತೇನೆ. ಅದಕ್ಕೆ ಮೊದಲು, ಆ ಮೇಜಿನ ಮೇಲೆ ಗ್ಲಾಸು ಸರಿಸಿದ ಪ್ರತಿಯೊಬ್ಬಳೂ, ಅದೇ ಗ್ರೂಪಿನಲ್ಲಿ, ಯಾವ ಗ್ಲಾಸು ತನ್ನದೆಂದು ಹೇಳಿ, ನನ್ನ ಕ್ಷಮೆ ಕೇಳಬೇಕು.