ಹಲ್ಲು ಕೀಳಿಸುವ ಮುನ್ನ ಒಂದು ರೆಕಾರ್ಡಿಂಗ್

ಮುಂಬಯಿಯ ಘಾಟ್ಕೋಪರ್‌ನಲ್ಲಿ ಎ.ಸಿ. ರಿಪೇರಿ ಮಾಡುವ ನನಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿಲ್ಲ. ಇದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಶಾಂತಾಳ ಅಭಿಪ್ರಾಯ ಬೇರೆ ಇದೆ. ಅದನ್ನು ಅವಳು ದಿನವೂ ಹೇಳುವುದರಿಂದ ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

ಶಾಂತಾಳ ಅಪ್ಪ, ಅಂದರೆ ನಮ್ಮ ಮಾವ, ವಿಜಯಪುರದ ಕಡೆಯ ಹಳ್ಳಿಯವರು. ಕರಡಿ ಮಜಲಿನ ಮೇಳದಲ್ಲಿ ಶಹನಾಯಿ ಊದುವವರು. ಕರಡಿ ಎಂದರೆ ಕೊರಳಿಗೆ ತೂಗುಹಾಕಿಕೊಂಡು ಬಾರಿಸುವ ಚರ್ಮವಾದ್ಯ, ಮಜಲು ಎಂದರೆ ಅದರ ಜೊತೆ ಮೆರವಣಿಗೆಯಲ್ಲಿ ನುಡಿಸುವ ವರಸೆ. ಅದನ್ನು ಬಾರಿಸುವವರು ಮಾವನ ಜೀವದ ಗೆಳೆಯ ಇಮಾಮ್‌ಸಾಬರು. ತಾಳಕ್ಕೆ ಗುರಪ್ಪ. ಮದುವೆ ಮೆರವಣಿಗೆ ಈ ಮೂವರಿಲ್ಲದೆ ಆ ಊರಿನಲ್ಲಿ ಹೊರಡುತ್ತಿರಲಿಲ್ಲ.

ಈಗ ಮಾವನ ಹಲ್ಲುಗಳು ಒಂದೊಂದಾಗಿ ಅಲುಗಾಡತೊಡಗಿದ್ದವು. ತೋರಿಸಲೆಂದು ನಮ್ಮ ಮನೆಗೆ ಬಂದರು. ನಮ್ಮ ಓಣಿಯ ದಂತವೈದ್ಯರು ನೋಡಿ, "ಎಲ್ಲಾ ತೆಗೆಯಬೇಕು" ಎಂದರು. ಕಟ್ಟಿಸಿದ ಹಲ್ಲಿನಿಂದ ಶಹನಾಯಿ ಊದಲಾಗುವುದೇ ಎಂದು ಕೇಳಿದರೆ ಅವರು ಮೇಲೆ ನೋಡಿದರು. ಮಾವ ಅಂದು ಊಟ ಮಾಡಲಿಲ್ಲ.

"ಹಲ್ಲು ಹೋದ್ರ ಹೋಗ್ಲಿ ಬಿಡವ್ವಾ. ನಮ್ಮ ಮುತ್ತ್ಯಾನ ಮಜಲು ನನ್ನ ಬಾಯಾಗ ಸತ್ತ ಹೋಗ್ತೈತಲ್ಲ," ಎಂದು ಮಗಳ ಮುಂದೆ ಅತ್ತರು.

"ರೆಕಾರ್ಡ್ ಮಾಡಿಸಿಬಿಡೋಣ!" ಎಂದೆ ನಾನು. "ಕಾಂದಿವಲಿಯೊಳಗ ನನಗ ಗೊತ್ತಿರೋ ಸ್ಟುಡಿಯೋ ಐತಿ."

"ನಿಮಗ ಗೊತ್ತಿರೋದು ಅಲ್ಲಿನ ಎ.ಸಿ. ರೀ," ಎಂದಳು ಶಾಂತಾ.

ಎ.ಸಿ. ಗೊತ್ತಿದ್ದವನಿಗೆ ಸ್ಟುಡಿಯೋ ಗೊತ್ತಿರುವುದಿಲ್ಲವೇ? ಊರಿಗೆ ಫೋನು ಹೋಯಿತು. ಉಳಿದಿಬ್ಬರೂ ವಾದ್ಯ ಹೊತ್ತುಕೊಂಡು ಮಳೆಯಲ್ಲಿ ನೆನೆಯುತ್ತ ಬಂದಿಳಿದರು.

ಸ್ಟುಡಿಯೋ ಇರುವುದು ಇಂಡಸ್ಟ್ರಿಯಲ್ ಎಸ್ಟೇಟಿನ ಮೊದಲ ಮಹಡಿಯಲ್ಲಿ. ಊರಿನಿಂದ ಬಂದ ಹಿರಿಯರಿಗೆ ಸೆಖೆಯಾಗಬಾರದೆಂಬ ಘನ ಉದ್ದೇಶದಿಂದ ನಾನು ಮುಂಚಿತವಾಗಿ ಹೋಗಿ ಎ.ಸಿ.ಯನ್ನು ಎಷ್ಟು ಇಳಿಸಬಹುದೋ ಅಷ್ಟೂ ಇಳಿಸಿಟ್ಟೆ. ರೆಕಾರ್ಡಿಂಗ್ ಮಾಡುವ ಹುಡುಗಿ ಪಲ್ಲವಿ ಉಡುಪಿ ಕಡೆಯವರ ಮಗಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ತಿರುಗುತ್ತದೆ.

ಅವಳು ಮಾವನನ್ನು ಗಾಜಿನ ಗೂಡಿನೊಳಗೆ ಕೂರಿಸಿದಳು. ಇಮಾಮ್‌ಸಾಬರನ್ನು ದೊಡ್ಡ ಕೋಣೆಯಲ್ಲಿ, ಗುರಪ್ಪನನ್ನು ಅದರ ಮೂಲೆಯಲ್ಲಿ ಬೇರೆಬೇರೆಯಾಗಿ ನಿಲ್ಲಿಸಿದಳು. "ಒಬ್ಬರದ್ದು ಇನ್ನೊಬ್ಬರ ಮೈಕಿಗೆ ಬರಬಾರದು ಅಂಕಲ್. ಮತ್ತೆ ತಪ್ಪಾದ್ರೆ ಅಷ್ಟೇ ತುಕಡಾ ಸರಿ ಮಾಡ್ಬಹುದು," ಎಂದು ಎಲ್ಲರ ಕಿವಿಗೂ ಹೆಡ್‌ಫೋನು ಏರಿಸಿದಳು. ಒಳಗೆ ಲಯ ತಪ್ಪದಿರಲೆಂದು ಕ್ಲಿಕ್ ಕ್ಲಿಕ್ ಸದ್ದು.

ಇಮಾಮ್‌ಸಾಬರು ಗಾಬರಿಯಾಗಿ ಹೆಡ್‌ಫೋನು ಕಿತ್ತರು. "ಕಿವ್ಯಾಗ ಹಲ್ಲಿ ಲೊಚಗುಟ್ಟಾಕತ್ತೈತಿ!"

ಹಲ್ಲಿಯಲ್ಲ, ತಾಳವೆಂದು ತಿಳಿಸಿ ಮತ್ತೆ ಹಾಕಿಸಿದೆ. ಮಜಲು ಶುರುವಾಯಿತು. ಆದರೆ ಮಜಲು ನಿಧಾನವಾಗಿ ಹೊರಟು, ಮೆರವಣಿಗೆ ಕಾವೇರಿದಂತೆ ತಾನೂ ಜೋರಾಗಬೇಕು. ಹಲ್ಲಿಗೆ ಇದು ಗೊತ್ತಿಲ್ಲ. ಅದು ಹೊರಟ ಜಾಗದಲ್ಲೇ ಲೊಚಗುಡುತ್ತಿತ್ತು. ಜೊತೆಗೆ ಮಾವನಿಗೆ ಗೂಡಿನೊಳಗಿಂದ ಇಮಾಮ್‌ಸಾಬರ ಕೈ ಕಾಣದು. ಅವರ ಕೋಲು ಮೇಲೇಳುವುದನ್ನು ನೋಡಿಯೇ ಮಾವ ತಿರುವು ತೆಗೆದುಕೊಳ್ಳುವುದು. ಮಾವ ತಿರುಗಿದಾಗ ಕರಡಿ ನೇರ ಹೋಗಿತ್ತು!

"ಮಾರಿ ನೋಡದ ಹ್ಯಾಂಗ ಊದಲಿ?" ಎಂದರು ಮಾವ.

ಪಲ್ಲವಿ ಹಲ್ಲಿಯನ್ನು ಬಂದ್ ಮಾಡಿ, ಮೂವರನ್ನೂ ಒಂದೇ ಕೋಣೆಗೆ ತಂದಳು. ಕರಡಿಯನ್ನು ದೂರ ನಿಲ್ಲಿಸಿ ನಡುವೆ ಎದೆಮಟ್ಟದ ದಪ್ಪ ಪರದೆ ಇಟ್ಟಳು. ಸದ್ದು ತಗ್ಗಬೇಕು, ಮುಖ ಕಾಣಬೇಕು. ಶಹನಾಯಿಯ ಮೈಕನ್ನು ಅದರ ಬಾಯಿಗೆ ನೇರವಾಗಿ ಇಡದೆ ಸ್ವಲ್ಪ ದೂರ, ಓರೆಯಾಗಿ ಇಟ್ಟಳು. ಮಾವನಿಗೆ ಮೈಕು ಮುನಿಸಿಕೊಂಡು ಕೂತ ಬೀಗರಂತೆ ಕಂಡಿತೇನೋ, ಅದರತ್ತಲೇ ತಿರುಗಿ ತಿರುಗಿ ಊದಿದರು. ಗಾಜಿನಾಚೆ ಪಲ್ಲವಿಯ ಯಂತ್ರದಲ್ಲಿ ಸದ್ದಳೆಯುವ ಮೀಟರು ಕೆಂಪಾಯಿತು.

"ಈಗ ಎಲ್ಲಾ ಮೈಕಲ್ಲೂ ಎಲ್ಲರೂ ಬರ್ತಾರೆ. ಬಾದ್ ಮೇ ಏನೂ ತೆಗಿಲಿಕ್ಕೆ ಆಗೂದಿಲ್ಲ. ಒಂದೇ ಸಲ ಪೂರಾ ಸರಿ ಬರಬೇಕು. ಯಾರೂ ಕೆಮ್ಮಬಾರದು," ಎಂದಳು ಪಲ್ಲವಿ. ಹೇಳುವಾಗ ಯಾಕೋ ನನ್ನನ್ನೇ ನೋಡಿದಳು.

ಮತ್ತೆ ಶುರು. ಈಗ ಶ್ರುತಿ ಕೂಡುತ್ತಿಲ್ಲ! ಮಳೆಯ ತೇವಕ್ಕೆ ಮೆತ್ತಗಾಗಿದ್ದ ಕರಡಿಯ ಚರ್ಮ ಎ.ಸಿ.ಯ ಒಣಗಾಳಿಗೆ ಬಿಗಿದು ಸ್ವರ ಮೇಲಕ್ಕೇರುತ್ತಿತ್ತು. ಶಹನಾಯಿ ಅದೇ ಚಳಿಗೆ ತಣ್ಣಗಾಗಿ ಸ್ವರ ಕೆಳಕ್ಕಿಳಿಯುತ್ತಿತ್ತು. ನಲವತ್ತು ವರ್ಷದ ಗೆಳೆಯರನ್ನು ಅಗಲಿಸಲು ಯಾರಿಂದಲೂ ಆಗಿರಲಿಲ್ಲ. ನನ್ನ ಎ.ಸಿ. ಒಂದು ಗಂಟೆಯಲ್ಲಿ ಅಗಲಿಸಿತು.

"ಇಷ್ಟು ಕೂಲಿಂಗ್ ಯಾರು ಮಾಡಿದ್ದು?" ಎಂದಳು ಪಲ್ಲವಿ. ನಾನು ಕಿಟಕಿಯ ಕಡೆ ನೋಡಿದೆ. ಅಲ್ಲಿ ಕಿಟಕಿ ಇರಲಿಲ್ಲ.

ಎ.ಸಿ. ಆರಿಸಿ ಕಾದೆವು. ಇಮಾಮ್‌ಸಾಬರು ಕರಡಿಯ ಹಗ್ಗ ಸಡಿಲಿಸಿದರು. ಮಾವ ಶಹನಾಯಿಯೊಳಗೆ ಉಸಿರು ಬಿಟ್ಟು ಬೆಚ್ಚಗೆ ಮಾಡಿದರು, ಜೊಂಡಿನ ಪೀಪಿಯನ್ನು ಬಾಯಲ್ಲಿ ನೆನೆಸಿದರು. ಶ್ರುತಿ ಕೂಡಿತು. ಆದರೆ ಊದಿ ಊದಿ ಅಷ್ಟು ಹೊತ್ತಿಗೆ ಅವರ ವಸಡಿನಿಂದ ರಕ್ತ ಬಂದಿತ್ತು. ಕರವಸ್ತ್ರದಲ್ಲಿ ಒರೆಸಿಕೊಂಡು ಮುಚ್ಚಿಟ್ಟುಕೊಂಡರು.

"ಇನ್ನ ಒಂದ ಸಲ ಆಗ್ತೈತಿ. ಆದ್ರ ಈ ಗ್ವಾಡಿ ನೋಡಿ ಊದಾಕ ಆಗವಲ್ದು. ಎದುರಿಗೆ ಯಾರರೆ ಮನಿಶ್ಯಾ ಬೇಕು. ಅಳಿಯಾರ, ನೀವ ಬಂದ ಕುಂಡ್ರಿ," ಎಂದರು.

ಗಾಜಿನಾಚೆ ಪಲ್ಲವಿಯ ಪಕ್ಕದಲ್ಲಿ ಕೂತಿದ್ದ ಶಾಂತಾ ಬೇಡ ಬೇಡ ಎಂದು ಕೈ ಆಡಿಸಿದಳು. ನಾನು ಹೋಗಿ ಕುಳಿತೆ. ಫೋನು ಬಂದ್. ಬಾಯಿ ಬಂದ್. ಬರೀ ತಲೆದೂಗುವುದು ನನ್ನ ಕೆಲಸ. ಇಷ್ಟು ಸುಲಭದ ಜವಾಬ್ದಾರಿ ನನ್ನ ಜೀವನದಲ್ಲಿ ಎಂದೂ ಬಂದಿರಲಿಲ್ಲ.

ಮಜಲು ಹೊರಟಿತು. ನಿಜ ಹೇಳುತ್ತೇನೆ, ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಮಾವನ ವಾದ್ಯವನ್ನು ಕಿವಿಗೊಟ್ಟು ಕೇಳಿದವನಲ್ಲ. ಮೆರವಣಿಗೆಯ ಹೊತ್ತಿಗೆ ನಾನು ಪಂಕ್ತಿಯಲ್ಲಿ ಜಾಗ ಹಿಡಿದಿರುತ್ತಿದ್ದೆ. ಅಂದು ಕೇಳಿದೆ. ನಿಧಾನವಾಗಿ ಏರಿ ಏರಿ ಮಾವ ಒಂದೇ ಸ್ವರವನ್ನು ಹಿಡಿದು ನಿಂತರು. ಗಲ್ಲದಲ್ಲಿ ಗಾಳಿ ತುಂಬಿ ಅದನ್ನು ಒತ್ತುತ್ತ, ಮೂಗಿನಿಂದ ಉಸಿರೆಳೆಯುತ್ತ, ಸ್ವರ ಕಡಿಯದಂತೆ ಹಿಡಿದರು. ಇಮಾಮ್‌ಸಾಬರ ಕರಡಿ ಅದರ ಸುತ್ತ ಸುತ್ತಿತು. ಹಲ್ಲು ಅಲುಗುವ ಆ ಮುದುಕ ಕಣ್ಣು ಮುಚ್ಚಿ ನಿಂತೇ ಇದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಎದೆ ತುಂಬಿತು.

"ಶಬ್ಬಾಶ್ ಮಾವಾ!"

ಯಾರೋ ಕೂಗಿದರು. ಯಾವ ಮೂರ್ಖನೆಂದು ಸಿಟ್ಟಿನಿಂದ ಸುತ್ತ ನೋಡಿದೆ. ನಾನೇ!

ಹನ್ನೆರಡನೇ ಮಹಡಿಯಿಂದ ಕೆಳಗಿನ ಹೆಲ್ಪರನನ್ನು ಕೂಗಿ ಪಳಗಿದ ಗಂಟಲು ನನ್ನದು. ಶಬ್ಬಾಶ್ ಎಂದವರಿಗೆ ಶಹನಾಯಿ ಇಳಿಸಿ ಕೈಮುಗಿಯುವುದು ಮಾವನ ಮನೆತನದ ಪದ್ಧತಿ. ಅವರು ಶಹನಾಯಿ ಇಳಿಸಿದರು. ನನಗೆ ಕೈಮುಗಿದರು. ಕರಡಿ ನಿಂತಿತು.

ಗಾಜಿನಾಚೆ ಪಲ್ಲವಿ ತಲೆ ಮೇಜಿಗಿಟ್ಟಿದ್ದಳು. ಶಾಂತಾ ನನ್ನನ್ನು ನೋಡುತ್ತಿದ್ದಳು. ಆ ನೋಟವನ್ನು ವರ್ಣಿಸುವುದು ಸಂಸಾರದ ದೃಷ್ಟಿಯಿಂದ ಕ್ಷೇಮವಲ್ಲ.

"ಅಲ್ಲಿಂದ ಮುಂದಿಂದು ಅಷ್ಟೇ ಊದಿದ್ರೆ ಜೋಡಿಸ್ತೇನೆ ಅಜ್ಜಾ," ಎಂದಳು ಪಲ್ಲವಿ, ಪಾಪ.

ಮಾವ ಮತ್ತೆ ಪೀಪಿಯನ್ನು ತುಟಿಗಿಟ್ಟರು. ಬರೀ ಗಾಳಿ ಬಂತು. ಇನ್ನೊಮ್ಮೆ ಒತ್ತಿದರು. ನಂತರ ಶಹನಾಯಿ ತೆಗೆದು, ಅಂಗೈಗೆ ಮುಂದಿನ ಹಲ್ಲನ್ನು ಉಗುಳಿಕೊಂಡರು.

"ಮುಗೀತ್ರೀ," ಎಂದರು.

ಉಳಿದ ಹಲ್ಲುಗಳನ್ನು ವೈದ್ಯರು ಕಿತ್ತರು. ಅರ್ಧಕ್ಕೆ ನಿಂತ ಮಜಲು ಊರಿನ ಎಲ್ಲ ಫೋನುಗಳಿಗೂ ಹೋಯಿತು. "ಎಲ್ಲಾರಕಿಂತ ನಿನ್ನ ದನಿನ ಸ್ವಚ್ಛ ಬಂದೈತಿ ನೋಡಪಾ," ಎಂದು ಗುರಪ್ಪ ಹೇಳಿದ. ಅವನು ಹೊಗಳಿದ್ದೋ ಬೈದದ್ದೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮಾವ ನಮ್ಮ ಮನೆಯಲ್ಲೇ ಗಂಜಿ ಕುಡಿಯುತ್ತ ದಿನವೂ ಆ ರೆಕಾರ್ಡಿಂಗ್ ಕೇಳುತ್ತಾರೆ. ಒಂದು ಮಾತು ಬೈದಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಿನ್ನೆ ಆ ಸ್ವರದ ಹತ್ತಿರ ಬರುತ್ತಲೇ ಕಣ್ಣು ಮುಚ್ಚಿದರು. ನನ್ನ ಕೂಗು ಕೇಳಿತು. ಆಮೇಲೆ ಏನೂ ಇಲ್ಲ. ಅವರು ಫೋನು ಕೆಳಗಿಟ್ಟು, ಬೊಚ್ಚು ಬಾಯಿಯಿಂದ ಮೆಲ್ಲಗೆ ಕೇಳಿದರು:

"ಅಳಿಯಾರ, ಎದುರಿಗೆ ಕುಂತು ಕೇಳಿದವ್ರು ನೀವು. ಖರೇ ಹೇಳ್ರಿ. ಅವತ್ತ ಆ ದಮ್ಮು ನಾ ಇನ್ನೂ ಎಷ್ಟೊತ್ತು ಹಿಡೀತಿದ್ದೆ?"

"ಭಾಳ ಹೊತ್ತು ಮಾವಾರ," ಎಂದೆ.

ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ ವಿಷಯ ಒಂದು ಸಿಕ್ಕಿತು.