ಅರ್ಧ ರೊಟ್ಟಿಗೆ ಇನ್ನಷ್ಟು ಕೂಡಿಸಿದರೆ

ನಮ್ಮ ಯಜಮಾನರ ಅಕ್ಕನಿಗೆ ಸರಿ ಉತ್ತರ ಕಂಡರೆ ಆಗುವುದಿಲ್ಲ. ಗಜೇಂದ್ರಗಡದ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯಿನಿಯಾಗಿದ್ದೂ ಹೀಗೆ! ರಾಜೂರಿನಿಂದ ಒಬ್ಬ ಹುಡುಗನ ತಂದೆ ಪೇಢೆ ಡಬ್ಬಿ ಹಿಡಿದು ಬಂದು, "ಮಗಗ ಗಣಿತದಾಗ ತೊಂಬತ್ತೆಂಟು ಬಂದಾವ್ರಿ" ಎಂದರೆ ಇವರು, "ಚಲೋ ಆತು. ಆ ಎರಡು ಎಲ್ಲಿ ಹೋದುವು? ಮಜಾ ಅಲ್ಲೇ ಐತಿ ನೋಡ್ರಿ" ಎಂದರು. ಪಾಪ, ಪೇಢೆ ಕೊಡಬೇಕೋ ಬೇಡವೋ ತಿಳಿಯದೆ ಆತ ಡಬ್ಬಿಯ ಮುಚ್ಚಳ ತೆರೆದು ಮುಚ್ಚಿದ್ದನ್ನು ನಾನೇ ಕಂಡಿದ್ದೇನೆ.

ನಮ್ಮ ಮನೆಗೆ ಊಟಕ್ಕೆ ಬಂದರೂ ಅಷ್ಟೇ. "ರೊಟ್ಟಿ ಯಾಕ ಉಬ್ಬತೈತಿ, ಹೇಳು."

"ಉಬ್ಬಲಿಲ್ಲಂದ್ರ ನೀವು ನನ್ನ ಅಡಿಗಿಗೆ ಹೆಸರಿಡ್ತೀರಲ್ರಿ, ಅದಕ್ಕ."

"ತಪ್ಪು. ಆದ್ರ ಭಾಳ ಚಲೋ ತಪ್ಪು" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಈ ಸಲ ಶಾಲೆಯ ವಾರ್ಷಿಕೋತ್ಸವದ ಮುಂಜಾನೆ ಅವರ ಫೋನು ಬಂತು. "ಒಂದು ಮೆತ್ತನ ರೊಟ್ಟಿ ತಗೊಂಡು ಬಾ. ದುಂಡಗಿರಲಿ." ಹಸಿವೆಗಿರಬೇಕೆಂದು ಶೇಂಗಾ ಚಟ್ನಿಯನ್ನೂ ಕಟ್ಟಿದೆ. ನನಗೆ ಅಂದು ಬೇರೆಯದೇ ಗುಂಗು. ಅದೇ ಶಾಲೆಯಲ್ಲಿ ಆರನೇ ಇಯತ್ತೆ ಓದುವ ನನ್ನ ಮಗಳಿಗೆ ಗಣಿತದಲ್ಲಿ ನೂರಕ್ಕೆ ನೂರು. ಪದಕ ಕೊರಳಿಗೆ ಬೀಳುವಾಗ ಫೋಟೋ ತಪ್ಪಬಾರದೆಂದು ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದೆ.

ಅಕ್ಕನವರು ಭಾಷಣಕ್ಕೆಂದು ಎದ್ದು, ಹಲಗೆಯ ಮೇಲೆ 1/2 + 1/3 = 2/5 ಎಂದು ಬರೆದರು.

"ಮ್ಯಾಲಿಂದಕ್ಕ ಮ್ಯಾಲಿಂದು, ತೆಳಗಿಂದಕ್ಕ ತೆಳಗಿಂದು ಕೂಡಿಸ್ಯಾರ. ಪ್ರತಿ ವರ್ಷ ಯಾರರೆ ಒಬ್ಬರು ಹಿಂಗ ಬರೀತಾರ. ಇದು ಯಾಕ ತಪ್ಪು?" ಎಂದು ಪದಕಕ್ಕೆ ಕಾದಿದ್ದ ನನ್ನ ಮಗಳನ್ನೇ ಕರೆದರು.

"ಲ.ಸಾ.ಅ. ತಗೀಬೇಕ್ರಿ. ಉತ್ತರ ಆರರಾಗ ಐದು."

"ಸರಿ ಉತ್ತರ ಕೇಳಿಲ್ಲವ್ವಾ. ಇದು ಯಾಕ ತಪ್ಪು?"

ಹುಡುಗಿ ನನ್ನ ಕಡೆ ನೋಡಿದಳು. ಕಾನ್ವೆಂಟಿನಲ್ಲಿ ಇದೇ ಲೆಕ್ಕಕ್ಕೆ ನಾನೂ ಪೂರ್ತಿ ಅಂಕ ಪಡೆದವಳು. ನನಗಾದರೂ ಎಲ್ಲಿ ಗೊತ್ತು? ಮುಖ್ಯ ಅತಿಥಿಗಳು ಸುಮ್ಮನೆ ಹಾರ ಸರಿಪಡಿಸಿಕೊಂಡರು. ಹಿಂದಿನಿಂದ ಒಬ್ಬಾಕೆ, "ಹೇಳಿಕೊಡ್ರಿ ಅಕ್ಕಾರ, ಕೂಸಿನ ಮಾರಿ ಸಣ್ಣದಾಗೈತಿ" ಎಂದರು.

"ತಡೀರ್ರಿ. ಆಕಿ ವಿಚಾರ ಮಾಡಾಕತ್ಯಾಳ. ಇದನ್ನ ನೋಡಾಕ ನಿಮ್ಮನ್ನ ಕರಸೀನಿ."

ನಾನು ಕೊಟ್ಟಿದ್ದ ರೊಟ್ಟಿಯನ್ನು ಅವಳ ಮುಂದಿಟ್ಟು, ಮೈಕು ಆಚೆ ಸರಿಸಿ, ಕೈಕಟ್ಟಿ ನಿಂತರು. ಮಗು ವಿಚಾರ ಮಾಡುವುದನ್ನು ಅಷ್ಟು ಮಂದಿ ಕೂತು ನೋಡಿದ್ದು ಎಲ್ಲಾದರೂ ಉಂಟೇ?

ಅವಳು ಅರ್ಧ ಹರಿದು ಪಕ್ಕಕ್ಕಿಟ್ಟಳು. ಹಲಗೆ ನೋಡಿದಳು, ಮತ್ತೆ ಆ ಅರ್ಧ ನೋಡಿದಳು. ಶಾಲೆಯಲ್ಲಿ ಅಕ್ಕಾರ ಎನ್ನಬೇಕೆಂಬುದೂ ಮರೆತುಹೋಯಿತು.

"ಅತ್ತೀ, ಐದರಾಗ ಎರಡಂದ್ರ ಅರ್ಧಾನೂ ಇಲ್ಲ! ಅರ್ಧಕ್ಕ ಇನ್ನಷ್ಟು ಕೂಡಿಸಿದ್ರ ಕಡಿಮಿ ಹ್ಯಾಂಗ ಆಗತೈತಿ?"

"ಮತ್ತ ಉಳಿದದ್ದು ಯಾರು ತಿಂದ್ರು?" ಎಂದರು ಅಕ್ಕನವರು.

ಜನ ನಕ್ಕರು. ಅವಳು ನಗಲಿಲ್ಲ. ಎರಡೂ ಅರ್ಧಗಳನ್ನು ಮೂರು ಮೂರು ತುಂಡು ಮಾಡಿ, ಅರ್ಧಕ್ಕೆ ಮೂರು, ಮೂರನೇ ಒಂದಕ್ಕೆ ಎರಡು ಎಂದು ಜೋಡಿಸಿದಳು. ಆರರಲ್ಲಿ ಐದು ತುಂಡು.

"ನೂರು ಅಂಕ ಅವತ್ತ ಬಂದಿದ್ದುವು. ಕಲತದ್ದು ಈಗ" ಎಂದು ಅಕ್ಕನವರು ಕೂತುಬಿಟ್ಟರು. ಭಾಷಣ ಅಷ್ಟೇ.

ಮಗಳು ವೇದಿಕೆಯಿಂದ ಇಳಿದು ನೇರ ನನ್ನ ಹತ್ತಿರ ಬಂದು ಮುಷ್ಟಿ ಬಿಚ್ಚಿದಳು. "ಅವ್ವಾ, ಆರರಾಗ ಒಂದು ಉಳೀತು. ನಿನಗ."

ಚಟ್ನಿಯಿಲ್ಲದೆಯೇ ತಿಂದೆ. ಪದಕ ವೇದಿಕೆಯ ಮೇಜಿನ ಮೇಲೆಯೇ ಉಳಿದಿದೆಯೆಂಬುದು ನಮ್ಮಿಬ್ಬರಿಗೂ ನೆನಪಾದದ್ದು ಮನೆ ಸೇರಿದ ಮೇಲೆ.